ಅಕ್ಕಿಯನ್ನೂ ನೆನೆಸಿದೆ, ನಿಮ್ಮನ್ನೂ

"ರೀ, ನಾಳೆ ದೋಸೆಗೆ ಅಕ್ಕಿ ನೆನೆಸಿದೆ, ಉದ್ದು ನೆನೆಸಿದೆ, ಹಾಗೇ ನಿಮ್ಮನ್ನೂ."

ಕೆಲಸದ ಮೇಲೆ ಬೇರೆ ಊರಿಗೆ ಹೋಗಿರುವ ಗಂಡನಿಗೆ ಹೆಂಡತಿ ರಾತ್ರಿ ಇಂಥದೊಂದು ಮೆಸೇಜ್ ಕಳಿಸಿದಳು ಎಂದುಕೊಳ್ಳಿ. ಮೊದಲ ಎರಡು ತುಣುಕುಗಳಲ್ಲಿ ಇರುವುದು ಬರೀ ಅಡುಗೆಮನೆಯ ಸುದ್ದಿ. ಮೂರನೆಯದಕ್ಕೆ ಬಂದಾಗ ಅವಳು ಕ್ರಿಯಾಪದವನ್ನೇ ಬಿಟ್ಟಿದ್ದಾಳೆ. ಅದನ್ನು ತುಂಬಿಕೊಳ್ಳಬೇಕಾದವನು ಓದುವವನು. "ನಿಮ್ಮನ್ನೂ" ಎಂಬಲ್ಲಿಗೆ ಬಂದು, ಹಿಂದಿನ "ನೆನೆಸಿದೆ"ಯನ್ನೇ ಎತ್ತಿ ಇಲ್ಲಿಟ್ಟುಕೊಂಡಾಗ ನೀರಿನಲ್ಲಿ ಹಾಕುವ ಅರ್ಥ ಕಳಚಿ, ನೆನಪು ಮಾಡಿಕೊಳ್ಳುವ ಅರ್ಥ ಎದ್ದು ನಿಲ್ಲುತ್ತದೆ. ಅವನು ನಗುವುದು ಆ ಕ್ಷಣದಲ್ಲಿ. ಅವಳು ಹೇಳದೇ ಬಿಟ್ಟದ್ದನ್ನು ತಾನೇ ಕಂಡುಕೊಂಡೆ ಎಂಬ ಸಂತೋಷವೂ ಆ ನಗುವಿನಲ್ಲಿ ಸೇರಿರುತ್ತದೆ.

ಈಗ ಆ ಗಂಡನಿಗೆ ಕನ್ನಡ ಬರುವುದಿಲ್ಲ ಎಂದುಕೊಳ್ಳಿ. ಬೆಂಗಳೂರಿನಲ್ಲೂ ಹೊರದೇಶಗಳಲ್ಲೂ ಎರಡು ಮಾತೃಭಾಷೆಗಳ ಮನೆಗಳು ಇವತ್ತು ಎಷ್ಟೋ ಇವೆ. ಆಕೆ ಇದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿದರೆ ಎರಡು ಕ್ರಿಯಾಪದ ಬೇಕಾಗುತ್ತದೆ, ಅಕ್ಕಿಗೊಂದು, ಗಂಡನಿಗೊಂದು. ಅಕ್ಕಿಯನ್ನು ನೀರಿಗೆ ಹಾಕಿದ್ದು ಒಂದು ವರದಿ, ಗಂಡನ ನೆನಪಾದದ್ದು ಇನ್ನೊಂದು ವರದಿ. ಎರಡಕ್ಕೂ ಸಂಬಂಧವೇ ಇಲ್ಲ. ಹಟ ಹಿಡಿದು ಒಂದೇ ಕ್ರಿಯಾಪದ ಉಳಿಸಿಕೊಂಡರೆ ಗಂಡನನ್ನೂ ಪಾತ್ರೆಯ ನೀರಿನಲ್ಲಿ ಅದ್ದಿದ ಹಾಗಾಗುತ್ತದೆ. ಪದಗಳೆಲ್ಲ ಸರಿಯಾಗಿ ದಾಟಿದರೂ ಮಾತು ಮಾತ್ರ ದಾಟಲಿಲ್ಲ.

ಹೀಗೇಕಾಗುತ್ತದೆ ಎಂಬುದಕ್ಕೆ ಉತ್ತರ ನಮ್ಮ ಪಕ್ಕದ ಭಾಷೆಯಲ್ಲೇ ಇದೆ. ತಮಿಳಿನಲ್ಲಿ ಒದ್ದೆಯಾಗುವುದಕ್ಕೆ "ನನೈ" ಎನ್ನುತ್ತಾರೆ, ನೆನೆಯುವುದಕ್ಕೆ "ನಿನೈ" ಎನ್ನುತ್ತಾರೆ. ಅವು ಎರಡು ಬೇರೆ ಬೇರೆ ಧಾತುಗಳು. ಬರೋ ಮತ್ತು ಎಮೆನೋ ಅವರ ದ್ರಾವಿಡ ಪದಮೂಲ ನಿಘಂಟಿನಲ್ಲೂ ಅವಕ್ಕೆ ಪ್ರತ್ಯೇಕ ದಾಖಲೆಗಳಿವೆ. ಕನ್ನಡದಲ್ಲಿ ಮಾತ್ರ ಎರಡರ ಉಚ್ಚಾರವೂ ಸವೆದು ಸವೆದು "ನೆನೆ" ಎಂಬ ಒಂದೇ ರೂಪಕ್ಕೆ ಬಂದು ನಿಂತಿತು. ಮಳೆಯಲ್ಲಿ ನೆನೆಯುವುದೂ ಒಬ್ಬರನ್ನು ನೆನೆಯುವುದೂ ಒಂದೇ ಪದವಾದದ್ದು ಹೀಗೆ, ಶುದ್ಧ ಆಕಸ್ಮಿಕವಾಗಿ. ಶ್ಲೇಷೆಗಳಲ್ಲಿ ಬಹುಪಾಲು ಇಂಥ ಆಕಸ್ಮಿಕಗಳೇ. ಒಂದು ಭಾಷೆಯ ಉಚ್ಚಾರದ ಇತಿಹಾಸದಲ್ಲಿ ನಡೆದ ಆಕಸ್ಮಿಕ ಇನ್ನೊಂದು ಭಾಷೆಯಲ್ಲೂ ಅದೇ ಎರಡು ಅರ್ಥಗಳ ನಡುವೆ ನಡೆದಿರುವುದು ಬಲು ಅಪರೂಪ. ಆದ್ದರಿಂದ ಶ್ಲೇಷೆಯನ್ನು ಅನುವಾದಿಸಲು ಹೊರಟವರು ಸೋಲುತ್ತಾರೆ. ಆ ಭಾಷೆಯಲ್ಲಿ ಅದರದೇ ಆಕಸ್ಮಿಕವೊಂದನ್ನು ಹುಡುಕಲು ಹೊರಟವರಿಗೆ ಏನಾದರೂ ಸಿಗುತ್ತದೆ.

ಬೆಲ್ಜಿಯಂನ ವಿದ್ವಾಂಸ ಡಿರ್ಕ್ ಡೆಲಾಬಸ್ಟಿಟಾ ಶೇಕ್ಸ್‌ಪಿಯರನ ಶ್ಲೇಷೆಗಳನ್ನು, ಅದರಲ್ಲೂ ಹ್ಯಾಮ್ಲೆಟ್ ನಾಟಕದವನ್ನು, ಇಟ್ಟುಕೊಂಡು 1993ರಲ್ಲಿ ಒಂದು ಪುಸ್ತಕ ಬರೆದರು. ಅನುವಾದಕರು ಶ್ಲೇಷೆ ಎದುರಾದಾಗ ಏನೇನು ಮಾಡುತ್ತಾರೆ ಎಂಬುದನ್ನು ಅವರು ವಿಂಗಡಿಸಿದ್ದಾರೆ. ಶ್ಲೇಷೆಗೆ ಬದಲು ಶ್ಲೇಷೆ ಕೊಡುವವರಿದ್ದಾರೆ. ಪ್ರಾಸದಂಥ ಹತ್ತಿರದ ಅಲಂಕಾರ ಕೊಡುವವರಿದ್ದಾರೆ. ಇಲ್ಲಿ ಕಳೆದುಕೊಂಡದ್ದನ್ನು ಇನ್ನೊಂದು ಸಾಲಿನಲ್ಲಿ ತುಂಬಿಕೊಡುವವರಿದ್ದಾರೆ. ಸುಮ್ಮನೆ ಬಿಟ್ಟುಬಿಡುವವರೂ ಅಡಿಟಿಪ್ಪಣಿ ಹಾಕುವವರೂ ಇದ್ದಾರೆ. ನಾಟಕ, ಕಾವ್ಯಗಳಲ್ಲಿ ಇವೆಲ್ಲಕ್ಕೂ ಜಾಗವಿದೆ. ಒಲವಿನ ಮೆಸೇಜಿನಲ್ಲಿ ಅಡಿಟಿಪ್ಪಣಿಗೆ ಜಾಗವಿಲ್ಲ. ವಿವರಿಸಿದರೆ ಓದುವವರು ತಾವೇ ಕಂಡುಕೊಳ್ಳುವ ಕ್ಷಣ ಹೋಗುತ್ತದೆ, ಮತ್ತು ಕಳಿಸಿದ್ದು ಆ ಕ್ಷಣವನ್ನೇ.

ದೋಸೆಯ ಮೆಸೇಜಿಗೆ ಮರಳೋಣ. ಅದನ್ನು ಇಂಗ್ಲಿಷಿಗೆ ಒಯ್ಯಬೇಕಾದರೆ ಮೊದಲು ಅದರಲ್ಲಿ ಯಾವುದು ಕದಲಬಾರದು, ಯಾವುದು ಕದಲಿದರೂ ನಡೆಯುತ್ತದೆ ಎಂದು ಬೇರ್ಪಡಿಸಿಕೊಳ್ಳಬೇಕು. "ನೀವಿಲ್ಲದೆ ಇದ್ದೇನೆ, ನಿಮ್ಮ ನೆನಪಿದೆ" ಎಂಬ ಭಾವ ಕದಲಬಾರದು. ಅಡುಗೆಮನೆಯೂ ಇರಬೇಕು, ಮೆಸೇಜಿನ ಆಪ್ತತೆ ಇರುವುದು ಅದರಲ್ಲೇ. ಅಕ್ಕಿ, ಉದ್ದು, ನೀರು ಮಾತ್ರ ಬೇಕಾದರೆ ಹೋಗಬಹುದು. ಅವು ಶ್ಲೇಷೆಯ ಭಾರ ಹೊರಲು ಬಂದವು ಅಷ್ಟೆ.

ಇಷ್ಟಾದ ಮೇಲೆ ಹುಡುಕಾಟವನ್ನು ಭಾವದ ಕಡೆಯಿಂದ ಶುರು ಮಾಡಬೇಕು. ಅಗಲಿದವರ ನೆನಪಿಗೆ ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ಮಾತು "ಮಿಸ್". ಈ ಪದಕ್ಕೆ ಬೇರೆ ಯಾವ ಯಾವ ಕೆಲಸ ಇದೆ? ಬಸ್ಸು ತಪ್ಪುವುದು, ಗುರಿ ತಪ್ಪುವುದು, ಏನನ್ನಾದರೂ ಹಾಕಲು ಮರೆಯುವುದು. ಕೊನೆಯದು ಅಡುಗೆಮನೆಗೆ ನೇರವಾಗಿ ಒಪ್ಪುತ್ತದೆ. ಹಿಟ್ಟಿಗೆ ಉಪ್ಪು ಹಾಕುವುದನ್ನು "ಮಿಸ್" ಮಾಡಿದೆ, ಮೆಂತ್ಯ "ಮಿಸ್" ಮಾಡಿದೆ, ಹಾಗೇ ನಿನ್ನನ್ನೂ. ಮೂರು ತುಣುಕು, ಕೊನೆಯದರಲ್ಲಿ ಕ್ರಿಯಾಪದ ಮಾಯ, ತುಂಬಿಕೊಳ್ಳುವ ಕೆಲಸ ಓದುವವನದು. ಅಕ್ಕಿ ನೆನೆಸಿದ ಸುದ್ದಿಯ ಜಾಗಕ್ಕೆ ಉಪ್ಪು ಮರೆತ ಸುದ್ದಿ ಬಂದಿದೆ. ನನ್ನ ಮಟ್ಟಿಗೆ ಇದು ಮೂಲಕ್ಕೆ ಪ್ರಾಮಾಣಿಕವಾದ ಅನುವಾದ. ಮನಸ್ಸು ಎಲ್ಲೋ ಇದ್ದುದರಿಂದ ಉಪ್ಪು ಮರೆತುಹೋಯಿತು ಎಂಬ ಇನ್ನೊಂದು ಅರ್ಥವೂ ಜೊತೆಗೆ ಸಿಕ್ಕಿದೆ, ಅದು ಮೂಲದಲ್ಲಿ ಇರಲಿಲ್ಲ.

ಇದೇ "ನೆನೆ"ಯ ಇನ್ನೊಂದು ರೂಪ ನೋಡಿ. "ಸಂಜೆ ಮಳೆ ಬಂತು. ನೆನೆದೆ." ಇಲ್ಲಿ ಅಡುಗೆಮನೆ ಇಲ್ಲ, ಮಳೆ ಇದೆ, ಆದ್ದರಿಂದ ಉಪ್ಪಿನ ಉಪಾಯ ನಡೆಯುವುದಿಲ್ಲ. ಆದರೆ "ಮಿಸ್" ಎಂಬ ಕ್ರಿಯಾಪದದ ಭೂತಕಾಲ ಇಂಗ್ಲಿಷಿನ ಬಾಯಲ್ಲಿ "ಮಿಸ್ಟ್" ಎಂದೇ ಕೇಳುತ್ತದೆ, ಮತ್ತು ಆ ಭಾಷೆಯಲ್ಲಿ "ಮಿಸ್ಟ್" ಎಂದರೆ ಮಂಜು. "ಐ ಮಿಸ್ಟ್ ಯು" ಎಂದು ಮಂಜಿನ ಕಾಗುಣಿತದಲ್ಲಿ ಬರೆದರೆ ಹವಾಮಾನವೂ ಬಂತು, ವಿರಹವೂ ಬಂತು. ಮಡಿಕೇರಿಯ ಮುಂಜಾವಿನ ಫೋಟೋ ಜೊತೆಗಿದ್ದರೆ ಕೇಳುವುದೇ ಬೇಡ. ತಮಿಳಿನವರಿಗೆ ಕಳಿಸುವುದಾದರೆ ಇಷ್ಟು ದೂರ ಹೋಗಬೇಕಿಲ್ಲ. "ನನೈಂದೇನ್, ನಿನೈತ್ತೇನ್" ಎಂದು ಎರಡೂ ಪದಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು. ಶ್ಲೇಷೆ ಹೋಗಿ ಅನುಪ್ರಾಸ ಬರುತ್ತದೆ. ಸ್ವಲ್ಪ ಮೆಲುವಾದ ಸಂತೋಷ, ಆದರೂ ಸಂತೋಷವೇ.

"ಮುತ್ತು" ಎಂಬ ಪದಕ್ಕೂ ಇದೇ ದಾರಿ. "ಕೊರಳಿಗೊಂದು ಮುತ್ತು ತಂದಿದ್ದೇನೆ" ಎಂದರೆ ಆಭರಣವೂ ಹೌದು, ಇನ್ನೊಂದೂ ಹೌದು. ಇಂಗ್ಲಿಷಿನ ಮುತ್ತಿಗೆ ಆ ಇನ್ನೊಂದು ಅರ್ಥ ಇಲ್ಲ. ಭಾವದ ಕಡೆಯಿಂದ ಹುಡುಕಿದರೆ ತುಟಿ ಸಿಗುತ್ತದೆ. "ಎರಡು ತುಟಿ" ಎಂಬುದನ್ನು ಇಂಗ್ಲಿಷಿನಲ್ಲಿ ಬೇಗ ಹೇಳಿದರೆ "ಟ್ಯುಲಿಪ್ಸ್" ಎಂಬ ಹೂವಿನ ಹೆಸರಿನಂತೆ ಕೇಳುತ್ತದೆ. ಇದು ಅವರಲ್ಲಿ ಹಳೆಯ, ಪ್ರೀತಿಯ ಶ್ಲೇಷೆ. ಹಾರದ ಬದಲು ಹೂವು ತಂದರಾಯಿತು.

ಬೇರೆ ಭಾಷೆಯಿಂದ ಕನ್ನಡಕ್ಕೆ ತರುವಾಗ ತೊಡಕು ಸ್ವಲ್ಪ ಬೇರೆ. ಕನ್ನಡದ ನಾಮಪದ ಒಂಟಿಯಾಗಿ ನಿಲ್ಲುವುದು ಕಡಿಮೆ, ಅದಕ್ಕೆ ವಿಭಕ್ತಿ ಅಂಟಿಕೊಳ್ಳುತ್ತದೆ. ವಿಭಕ್ತಿ ಬಂದೊಡನೆ ಎರಡು ಅರ್ಥಗಳಲ್ಲಿ ಒಂದು ಉದುರಿಹೋಗುತ್ತದೆ. "ನಿನ್ನನ್ನು ನೆನೆದೆ" ಎಂದು ಪೂರ್ತಿ ಹೇಳಿದರೆ ಮಳೆ ಹೋಯಿತು, "ಮಳೆಯಲ್ಲಿ ಪೂರ್ತಿ ನೆನೆದೆ" ಎಂದರೆ ನೀನು ಹೋದೆ. "ನೆನೆದೆ" ಎಂದು ಬರಿಯ ಕ್ರಿಯಾಪದ ಬಿಟ್ಟಾಗ ಮಾತ್ರ ಎರಡೂ ಇರುತ್ತವೆ. ಹಾಗಾಗಿ ಕನ್ನಡದಲ್ಲಿ ಶ್ಲೇಷೆ ಕಟ್ಟುವವರು ಪ್ರತ್ಯಯ ಹತ್ತದ ರೂಪಗಳ ಮೇಲೆ ಕಣ್ಣಿಡಬೇಕು. ಬರಿಯ ಕ್ರಿಯಾಪದಗಳು, "ತುಂಬಿ", "ಹೊತ್ತು" ಥರದ ರೂಪಗಳು, "ಏಳು", "ತಾಳಿ", "ಕಾಡು" ಥರದ ವಿಧಿರೂಪಗಳು, ಇವು ನಮ್ಮ ಶ್ಲೇಷೆಗಳ ಗಣಿ. ಇವುಗಳಲ್ಲಿ ಕ್ರಿಯೆ ಮತ್ತು ವಸ್ತು ಒಂದೇ ಉಡುಪಿನಲ್ಲಿ ಸಿಗುತ್ತವೆ.

ಇಂಗ್ಲಿಷಿನ ಪ್ರೇಮಿಗಳ ದಿನದ ಕಾರ್ಡುಗಳಲ್ಲಿ ಜೇನ್ನೊಣದ ಚಿತ್ರ ಬಹಳ ಸಾಮಾನ್ಯ. ಆ ಭಾಷೆಯಲ್ಲಿ ಜೇನ್ನೊಣದ ಹೆಸರೂ "ಆಗು" ಎಂಬ ಕ್ರಿಯಾಪದವೂ ಒಂದೇ ಸದ್ದು. "ಬೀ ಮೈನ್" ಎಂದರೆ "ನನ್ನವಳಾಗು" ಎಂದಾಗುತ್ತದೆ. ಕನ್ನಡಕ್ಕೆ ತಂದು "ಜೇನ್ನೊಣವೇ, ನನ್ನವಳಾಗು" ಎಂದರೆ ಏನೂ ಉಳಿಯುವುದಿಲ್ಲ. ಕಾರ್ಡಿನಲ್ಲಿ ಚಿತ್ರ ಅಚ್ಚಾಗಿಬಿಟ್ಟಿರುವುದರಿಂದ ಇಲ್ಲಿ ವಸ್ತು ಕದಲುವಂತಿಲ್ಲ, ಮಾತೇ ಕದಲಬೇಕು. ಹುಡುಕಾಟವನ್ನು ಈ ಸಲ ಚಿತ್ರದ ಕಡೆಯಿಂದ ಶುರು ಮಾಡೋಣ. ಜೇನು, ನೊಣ, ದುಂಬಿ, ಭೃಂಗ, ತುಂಬಿ. ಕೊನೆಯದರಲ್ಲಿ ಕೈಗೆ ಸಿಕ್ಕಿತು. "ತುಂಬಿ" ಎಂದರೆ ದುಂಬಿ, "ತುಂಬಿ" ಎಂದರೆ ತುಂಬಿಕೊಂಡು. "ನನ್ನೆದೆ ತುಂಬಿ ನೀನು." ಹೊಸಬರಿಗೆ ದುಂಬಿಯನ್ನು "ತುಂಬಿ" ಎನ್ನುವುದು ತಟ್ಟನೆ ಹೊಳೆಯದಿರಬಹುದು. ಪಕ್ಕದಲ್ಲಿರುವ ಚಿತ್ರ ಅದನ್ನು ಹೊಳೆಸುತ್ತದೆ. "ನನ್ನವಳಾಗು" ಎಂಬ ಬೇಡಿಕೆ ಹೋಗಿ "ಈಗಾಗಲೇ ತುಂಬಿಕೊಂಡಿದ್ದೀಯ" ಎಂಬ ನಿವೇದನೆ ಬಂದಿದೆ. ಇನ್ನೂ ಹೇಳಿಕೊಳ್ಳದವರಿಗೆ ಕಳಿಸುವಾಗ ಈ ವ್ಯತ್ಯಾಸ ಗಮನದಲ್ಲಿರಬೇಕು.

ಜಪಾನಿನ ಹಳೆಯ ಪ್ರೇಮಕವಿತೆಗಳಲ್ಲಿ ಇಂಥ ಪದಕ್ಕೆ ಒಂದು ಹೆಸರೇ ಇದೆ, "ಕಕೆಕೊತೊಬ". ಅವರ "ಮತ್ಸು" ಎಂದರೆ ಪೈನ್ ಮರ, "ಮತ್ಸು" ಎಂದರೆ ಕಾಯುವುದು. ಕವಿ ಬೆಟ್ಟದ ಪೈನ್ ಮರ ತೋರಿಸಿದ ಎಂದರೆ ಅಲ್ಲಿ ಯಾರೋ ಯಾರಿಗೋ ಕಾಯುತ್ತಿದ್ದಾರೆ. ಇಂಗ್ಲಿಷಿನ ಅನುವಾದಕರಿಗೆ ಇಲ್ಲಿ ಅಪರೂಪದ ಅದೃಷ್ಟ ಒಲಿಯಿತು. ಅವರ ಭಾಷೆಯಲ್ಲೂ "ಪೈನ್" ಎಂಬುದು ಮರದ ಹೆಸರೂ ಹೌದು, ಹಂಬಲಿಸಿ ಸೊರಗುವ ಕ್ರಿಯಾಪದವೂ ಹೌದು. ಕನ್ನಡಕ್ಕೆ ಆ ಅದೃಷ್ಟ ಇಲ್ಲ. ಆದರೆ ಕಾಯುವ ಭಾವದಿಂದ ಹೊರಟರೆ ನಮ್ಮಲ್ಲಿ "ಕಾಯಿ" ಇದೆ. "ಸ್ವಲ್ಪ ಕಾಯಿ" ಎಂದು ದಿನಾ ಹೇಳುತ್ತೇವೆ, ಮರದ ಕಾಯಿಯೂ ಅದೇ. ಸ್ವಂತ ಮೆಸೇಜಾದರೆ ಪೈನ್ ಮರವನ್ನು ಬಿಟ್ಟು ಮಾವಿನ ಮರ ಹಿಡಿಯಬಹುದು. "ಅಂಗಳದ ಮಾವಿನ ಮರ ದಿನಾ ಹೇಳುವುದು ಒಂದೇ ಮಾತು: ಕಾಯಿ." ಕಾದರೆ ಹಣ್ಣಾಗುತ್ತದೆ ಎಂಬುದನ್ನು ಹೇಳಬೇಕಾಗಿಯೇ ಇಲ್ಲ. ಆದರೆ ಜಪಾನಿನ ಕವಿತೆಯನ್ನೇ ಅನುವಾದಿಸುತ್ತಿದ್ದರೆ ಅಲ್ಲಿ ಮಾವು ನೆಡುವುದು ಅನ್ಯಾಯ. ಆಗ ಪೈನ್ ಮರವನ್ನು ಅಲ್ಲೇ ಬಿಟ್ಟು, ಅದರಲ್ಲಿ ಬಿಡುವ ಮರಗೆಲಸದಂಥ ಗಟ್ಟಿ ಕಾಯಿಯ ಕಡೆಗೆ ಕಣ್ಣು ತಿರುಗಿಸಿದರೆ ಊರೂ ಉಳಿಯುತ್ತದೆ, ಕಾಯುವುದೂ ಉಳಿಯುತ್ತದೆ.

ನನಗೆ ತುಂಬ ಇಷ್ಟವಾದ ಉದಾಹರಣೆ ಚೀನಾದ್ದು. ಸುಮಾರು 4ರಿಂದ 6ನೇ ಶತಮಾನದ ನಡುವೆ ದಕ್ಷಿಣ ಚೀನಾದಲ್ಲಿ ಹುಟ್ಟಿದ ಜನಪದ ಪ್ರೇಮಗೀತೆಗಳಲ್ಲಿ ರೇಷ್ಮೆ ಹುಳು, ಗೂಡು, ನೂಲು ಮತ್ತೆ ಮತ್ತೆ ಬರುತ್ತವೆ. ಕಾರಣ, ಅವರ ಭಾಷೆಯಲ್ಲಿ ರೇಷ್ಮೆ ನೂಲಿಗೂ "ಸ್" ಎಂಬಂಥ ಒಂದು ಸದ್ದು, ಹಂಬಲಕ್ಕೂ ಅದೇ ಸದ್ದು. ನೂಲು ತೆಗೆಯುವ ಹುಡುಗಿ ತನ್ನ ಕೆಲಸದ ಮಾತಾಡುತ್ತಲೇ ಮನಸ್ಸಿನ ಮಾತೂ ಆಡಿಬಿಡುತ್ತಾಳೆ. "ರೇಷ್ಮೆ" ಎಂಬ ನಮ್ಮ ಪದದಲ್ಲಿ ಹಂಬಲ ಇಲ್ಲ, "ನೂಲು" ಎಂಬುದರಲ್ಲೂ ಇಲ್ಲ. ಆದರೆ ರಾಮನಗರದ ಕಡೆ ಗೂಡಿನಿಂದ ನೂಲು ಬಿಚ್ಚುವ ಯಾರನ್ನೇ ಕೇಳಿದರೂ "ಎಳೆ" ಎಂಬ ಮಾತು ಬಂದೇ ಬರುತ್ತದೆ. ಎಳೆ ಎಂದರೆ ತಂತು, ಎಳೆ ಎಂದರೆ ಸೆಳೆದುಕೋ. "ಗೂಡು ಬಿಟ್ಟು ಎಷ್ಟು ದೂರ ಬಂದರೂ ಎಳೆ ಕಡಿಯಲಿಲ್ಲ. ಎಳೆಯುತ್ತಲೇ ಇದೆ." ಒಂದು ಗೂಡಿನ ಎಳೆ ನೂರಾರು ಮೀಟರ್ ಉದ್ದ ಇರುತ್ತದೆ ಎಂಬುದು ಗೊತ್ತಿರುವವರಿಗೆ ಆ ದೂರದ ಮಾತು ಇನ್ನೂ ಚೆನ್ನಾಗಿ ತಾಗುತ್ತದೆ. ಚೀನೀ ಮೂಲದ ಹಂಬಲ ಮನಸ್ಸಿನೊಳಗೇ ಕುಳಿತ ಚಿಂತೆ, ನಮ್ಮ "ಎಳೆ" ಹೊರಗಿನಿಂದ ಸೆಳೆಯುವ ಬಲ. ಅಷ್ಟು ಬದಲಾಗಿದೆ. ಹುಳುವೂ ಗೂಡೂ ತಂತುವೂ ಒಲವೂ ಇದ್ದಲ್ಲೇ ಇವೆ.

ಇವತ್ತಿನ ಚೀನಾದ ಪ್ರೇಮಿಗಳು ಅಂಕಿಗಳಲ್ಲಿ ಮಾತಾಡುತ್ತಾರೆ. 520 ಎಂಬುದನ್ನು ಅವರ ಭಾಷೆಯಲ್ಲಿ "ವು ಅರ್ ಲಿಂಗ್" ಎನ್ನುತ್ತಾರೆ, ಅದು "ವೊ ಐ ನಿ", ಎಂದರೆ "ನಿನ್ನನ್ನು ಪ್ರೀತಿಸುತ್ತೇನೆ" ಎಂಬುದಕ್ಕೆ ಹತ್ತಿರ. 1314 ಎಂದರೆ "ಜೀವಮಾನವಿಡೀ" ಎಂಬ ಮಾತಿನ ಸದ್ದು. ಅದಕ್ಕೇ ಮೇ 20ರಂದು ಅಲ್ಲಿ ಮದುವೆ ನೋಂದಣಿ ಕಚೇರಿಗಳ ಮುಂದೆ ಸಾಲು ನಿಲ್ಲುತ್ತದೆ. ನಮ್ಮ ಕಾಲೇಜು ಹುಡುಗರಿಗೆಲ್ಲ ಗೊತ್ತಿರುವ 143 ಬೇರೆ ಜಾತಿಯದು. ಅದು ಇಂಗ್ಲಿಷಿನ ಮೂರು ಪದಗಳ ಅಕ್ಷರ ಎಣಿಕೆ. ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯ ಮೈನಟ್ಸ್ ಲೆಡ್ಜ್ ದೀಪಸ್ತಂಭಕ್ಕೆ 1894ರಲ್ಲಿ ಒಂದು, ನಾಲ್ಕು, ಮೂರು ಎಂದು ಮಿನುಗುವ ದೀಪ ಬಂದಾಗಿನಿಂದ ಜನ ಅದನ್ನು ಪ್ರೇಮದ ದೀಪವೆಂದೇ ಕರೆದರು.

ಇವೆರಡನ್ನೂ ಕನ್ನಡದಲ್ಲಿ ಮಾಡಬಹುದು. ಎಣಿಕೆಯ ದಾರಿಯಲ್ಲಿ "ನಂಗೆ ನೀನಂದ್ರೆ ಇಷ್ಟ" ಎಂಬುದರ ಅಕ್ಷರಗಳನ್ನು ಎಣಿಸಿ: ಎರಡು, ಮೂರು, ಎರಡು. 232. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ, ಮತ್ತು ನಟ್ಟನಡುವೆ ಇರುವುದು "ನೀನು". 143ರಲ್ಲಿ ಈ ಸೊಗಸು ಇಲ್ಲ. ಸದ್ದಿನ ದಾರಿಯಲ್ಲಿ ನಮ್ಮ ಏಳು ಬೆಳಗಿನ ಮೆಸೇಜಿಗೆ ಹೇಳಿಮಾಡಿಸಿದ್ದು. ಬರೀ 7 ಎಂದು ಕಳಿಸಿದರೆ "ಏಳು" ಎಂದು ಎಬ್ಬಿಸಿದ ಹಾಗೆ. ಉತ್ತರ ಕರ್ನಾಟಕದವರಿಗೆ "10ರ ಬಾ" ಎಂದು ಬರೆಯಿರಿ, "ಹತ್ತರ ಬಾ" ಎಂದು ಓದಿಕೊಂಡು ನಗುತ್ತಾರೆ. ಮೈಸೂರಿನವರು "ಹತ್ತಿರ" ಎನ್ನುವುದರಿಂದ ಅವರಿಗೆ ಇದು ಒಂದು ಗಳಿಗೆ ತಡವಾಗಿ ಹೊಳೆಯುತ್ತದೆ. ಒಂದೇ ಭಾಷೆಯೊಳಗೂ ಶ್ಲೇಷೆಗೆ ಊರಿನ ಗಡಿ ಇದೆ.

ಲಿಪಿಯ ಗಡಿಯೂ ಇದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರು ele ಎಂದು ಬರೆದರೆ ಅದು ಎಲೆಯೋ ಎಳೆಯೋ ತಿಳಿಯುವುದಿಲ್ಲ. ರೇಷ್ಮೆಯ ಮಾತು ಬಾಳೆ ಎಲೆಯ ಮಾತಾಗಿಬಿಡುತ್ತದೆ. ಲ ಮತ್ತು ಳ, ಹ್ರಸ್ವ ಮತ್ತು ದೀರ್ಘ ಇವುಗಳ ಮೇಲೆ ನಿಂತ ಶ್ಲೇಷೆಯನ್ನು ಕನ್ನಡ ಅಕ್ಷರದಲ್ಲೇ ಕಳಿಸಬೇಕು. ಇನ್ನು ಕೆಲವು ಬರಹದಲ್ಲಿ ಕೆಟ್ಟು ಬಾಯಲ್ಲಿ ಬದುಕುತ್ತವೆ. "ಹೂ ಕೊಟ್ಟೆ, ಹೂಂ ಅಂದಳು" ಎಂಬುದು ಅಂಥದು, ಅದನ್ನು ವಾಯ್ಸ್ ಮೆಸೇಜಿನಲ್ಲಿ ಕಳಿಸುವುದು ಮೇಲು.

ನೀವು ಮರುಕಟ್ಟಿದ್ದು ಸರಿ ಬಂದಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಮೂಲ ಭಾಷೆ ಗೊತ್ತಿಲ್ಲದ ಸ್ನೇಹಿತರೊಬ್ಬರಿಗೆ ಹಿನ್ನೆಲೆ ಹೇಳದೆ ಅದನ್ನು ಓದಿ. ಅವರು "ಅಂದ್ರೆ?" ಎಂದು ಕೇಳಿದರೆ ಕಟ್ಟಡ ನಿಂತಿಲ್ಲ. ಎರಡರಲ್ಲಿ ಒಂದೇ ಅರ್ಥ ಅವರಿಗೆ ತಟ್ಟಿತೆಂದರೆ, ಬಹುತೇಕ ಯಾವುದೋ ಪ್ರತ್ಯಯ ಅಥವಾ ಹೆಚ್ಚುವರಿ ಪದ ಇನ್ನೊಂದನ್ನು ಮುಚ್ಚಿರುತ್ತದೆ. ಅದನ್ನು ಕಿತ್ತು ಮತ್ತೆ ಓದಿ. ಎರಡನೆಯ ಅರ್ಥ ಅಶ್ಲೀಲದ ಕಡೆಗೆ ವಾಲಿದರೆ ಕಳಿಸಲೇಬೇಡಿ. ನಮ್ಮಲ್ಲಿ "ದ್ವಂದ್ವಾರ್ಥ" ಎಂಬ ಪದಕ್ಕೆ ಸಿನಿಮಾ ಸಂಭಾಷಣೆಗಳಿಂದಾಗಿ ಅಂಟಿರುವ ಕೆಟ್ಟ ಹೆಸರು ಒಲವಿನ ಮಾತಿಗೆ ಬೇಡ. ಎಷ್ಟು ಹುಡುಕಿದರೂ ಆ ಭಾಷೆಯಲ್ಲಿ ಒಪ್ಪುವ ಆಕಸ್ಮಿಕ ಸಿಗದಿದ್ದರೆ ಶ್ಲೇಷೆ ಬಿಟ್ಟು ನೇರವಾಗಿ ಹೇಳಿಬಿಡುವುದೇ ಸರಿ. ನಾಲ್ಕು ದಿನ ಕಳೆದು ಇನ್ನೊಂದು ಮಾತಿನಲ್ಲಿ ಅದನ್ನು ತುಂಬಿಕೊಟ್ಟರಾಯಿತು.

ಹುಡುಕಲು ಸಾಮಗ್ರಿ ಬೇಕೆಂದರೆ ನಿಘಂಟನ್ನು ಪದದ ಅರ್ಥಕ್ಕಾಗಿ ತೆರೆಯದೆ ಒಮ್ಮೆ ಸುಮ್ಮನೆ ಪುಟ ತಿರುವಿ. ಕಿಟ್ಟೆಲರ 1894ರ ನಿಘಂಟಿನಲ್ಲಿ ಒಂದೇ ರೂಪದ ಬೇರೆ ಬೇರೆ ಪದಗಳಿಗೆ 1, 2 ಎಂದು ಸಂಖ್ಯೆ ಕೊಟ್ಟಿದ್ದಾರೆ. ಹಾಗೆ ಸಂಖ್ಯೆ ಬಿದ್ದಿರುವ ಪ್ರತಿಯೊಂದೂ ಶ್ಲೇಷೆಗೆ ಸಿದ್ಧವಾಗಿರುವ ಪದ. ನಿಮ್ಮ ತಾಲ್ಲೂಕಿನ ಆಡುಮಾತಿನಲ್ಲಿ ಮಾತ್ರ ಹೀಗೆ ಕೂಡುವ ಪದಗಳು ಅಲ್ಲಿ ಇರಲಾರವು, ಅವನ್ನು ನೀವೇ ಒಂದು ಕಡೆ ಬರೆದಿಟ್ಟುಕೊಳ್ಳಿ.